ಹೃದಯಾಘಾತದ ನಂತರದ ನಾಲ್ಕು ಮಾತ್ರೆಗಳು: ಒಂದೊಂದೂ ಮಾಡುವ ಕೆಲಸವೇನು?

ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರಲ್ಲಿ ಬಹಳ ಮಂದಿ ಕೇಳುವ ಪ್ರಶ್ನೆ ಒಂದಿದೆ. "ನನಗೆ ಬಿ.ಪಿ. ಇಲ್ಲ, ಕೊಲೆಸ್ಟ್ರಾಲ್ ಕೂಡ ಅಂಥ ಹೆಚ್ಚಿಲ್ಲ, ರಕ್ತನಾಳದ ಅಡ್ಡಿಯನ್ನೂ ತೆಗೆದಾಯಿತು. ಆದರೂ ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಯಾಕೆ ಕೊಟ್ಟಿದ್ದಾರೆ?" ತೀರ ನ್ಯಾಯವಾದ ಪ್ರಶ್ನೆ. ಉತ್ತರ ಸಿಗದೆ ಹೋದರೆ ಎರಡು ಮೂರು ತಿಂಗಳಲ್ಲಿ ಒಂದೊಂದೇ ಮಾತ್ರೆ ತಾನಾಗಿ ನಿಂತುಹೋಗುತ್ತದೆ.

ಇದೇ ಮಾತ್ರೆಗಳನ್ನು ರಕ್ತದೊತ್ತಡ ಹೆಚ್ಚಿರುವವರಿಗೂ ಕೊಡುತ್ತಾರೆ, ನಿಜ. ಆದರೆ ಹೃದಯಾಘಾತವಾದವರಿಗೆ ಕೊಡುವಾಗ ಅವುಗಳಿಂದ ಬಯಸುವ ಕೆಲಸ ಬೇರೆ. ವಿವರಣೆ ಸುಲಭವಾಗಲೆಂದು ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಅವರಿಗೆ 56 ವರ್ಷ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಹೋಗಿತ್ತು, ಸ್ಟೆಂಟ್ ಹಾಕಿ ತೆರೆದಿದ್ದಾರೆ. ರಕ್ತದೊತ್ತಡ 126/78. ಎಲ್‌ಡಿಎಲ್ ಕೊಲೆಸ್ಟ್ರಾಲ್ 124. ನಾಡಿ ನಿಮಿಷಕ್ಕೆ 90. ಎಕೋ ಪರೀಕ್ಷೆಯಲ್ಲಿ ಇಎಫ್, ಅಂದರೆ ಹೃದಯದ ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಭಾಗವನ್ನು ಹೊರಗೆ ತಳ್ಳುತ್ತದೆ ಎಂಬ ಅಳತೆ, ಶೇಕಡಾ 38. ಆರೋಗ್ಯವಂತರಲ್ಲಿ ಇದು 50ಕ್ಕಿಂತ ಹೆಚ್ಚಿರುತ್ತದೆ. ಅವರ ಚೀಟಿಯಲ್ಲಿ ಆಸ್ಪಿರಿನ್ 75 ಮಿಲಿಗ್ರಾಂ, ಅಟೊರ್ವಾಸ್ಟ್ಯಾಟಿನ್ 80, ಮೆಟೊಪ್ರೊಲಾಲ್ 25, ರಾಮಿಪ್ರಿಲ್ 2.5 ಇವೆ. ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯೂ ಇದೆ.

## ಮೊದಲು, ಆಗಿದ್ದೇನು?

ಹೃದಯದ ರಕ್ತನಾಳದ ಗೋಡೆಯೊಳಗೆ ವರ್ಷಗಟ್ಟಲೆ ಕೊಬ್ಬು ಸೇರಿ ಗಂಟು ಕಟ್ಟಿಕೊಂಡಿರುತ್ತದೆ. ಅದಕ್ಕೆ ಪ್ಲಾಕ್ ಎನ್ನುತ್ತಾರೆ. ಪ್ಲಾಕ್‌ನ ಮೇಲೆ ನಾರಿನಂಥ ತೆಳುವಾದ ಹೊದಿಕೆ ಇರುತ್ತದೆ. ಒಂದು ದಿನ ಆ ಹೊದಿಕೆ ಬಿರಿದು ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ. ದೇಹ ಅದನ್ನು ಗಾಯವೆಂದೇ ತಿಳಿದು ಅಲ್ಲಿ ಹೆಪ್ಪು ಕಟ್ಟಿಸುತ್ತದೆ. ಹೆಪ್ಪು ನಾಳವನ್ನು ಮುಚ್ಚಿದರೆ ಅದರ ಮುಂದಿನ ಹೃದಯದ ಸ್ನಾಯುವಿಗೆ ಆಮ್ಲಜನಕ ಸಿಗದೆ, ಸ್ವಲ್ಪ ಹೊತ್ತಿನಲ್ಲೇ ಸಾಯಲು ತೊಡಗುತ್ತದೆ.

ಸ್ಟೆಂಟ್ ಆ ಒಂದು ಜಾಗವನ್ನು ತೆರೆಯುತ್ತದೆ, ಅಷ್ಟೇ. ಸಾಮಾನ್ಯವಾಗಿ ಅದರ ಉದ್ದ ಎರಡು ಮೂರು ಸೆಂಟಿಮೀಟರ್. ಉಳಿದ ಜಾಗಗಳಲ್ಲಿನ ಪ್ಲಾಕ್ ಹಾಗೆಯೇ ಇರುತ್ತದೆ, ಸತ್ತ ಸ್ನಾಯುವೂ ಅಲ್ಲೇ ಇರುತ್ತದೆ. ಈ ಉಳಿದ ಅಪಾಯಗಳ ಒಂದೊಂದು ಭಾಗವನ್ನು ಒಂದೊಂದು ಮಾತ್ರೆ ನೋಡಿಕೊಳ್ಳುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

## ಆಸ್ಪಿರಿನ್: ಹೆಪ್ಪಿನ ಮೊದಲ ಹೆಜ್ಜೆಗೆ ತಡೆ

ಹೆಪ್ಪು ಶುರುವಾಗುವುದು ಪ್ಲೇಟ್‌ಲೆಟ್‌ಗಳಿಂದ. ಗಾಯಕ್ಕೆ ಮೊದಲು ಅಂಟಿಕೊಳ್ಳುವ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ಸುತ್ತಲಿನ ಪ್ಲೇಟ್‌ಲೆಟ್‌ಗಳನ್ನೂ ಅಲ್ಲಿಗೆ ಕರೆಯುತ್ತವೆ. ಅದನ್ನು ತಯಾರಿಸಲು ಅವುಗಳೊಳಗೆ ಒಂದು ಕಿಣ್ವ ಬೇಕು. ಆಸ್ಪಿರಿನ್ ಆ ಕಿಣ್ವಕ್ಕೆ ಅಂಟಿ ಅದನ್ನು ಶಾಶ್ವತವಾಗಿ ಕೆಡಿಸುತ್ತದೆ.

ಇಲ್ಲೊಂದು ಸೊಗಸಾದ ಸಂಗತಿ ಇದೆ. ಆಸ್ಪಿರಿನ್ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಸುಮಾರು 20 ನಿಮಿಷಕ್ಕೊಮ್ಮೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆದರೂ ದಿನಕ್ಕೊಂದು ಸಣ್ಣ ಮಾತ್ರೆ ಸಾಕು. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಹಾಗಾಗಿ ಕೆಟ್ಟ ಕಿಣ್ವದ ಬದಲಿಗೆ ಹೊಸದನ್ನು ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಏಳರಿಂದ ಹತ್ತು ದಿನದ ಆಯುಷ್ಯ ಮುಗಿಯುವವರೆಗೂ ಥ್ರಾಂಬಾಕ್ಸೇನ್ ತಯಾರಿಸಲಾರದು. ದೇಹ ದಿನಕ್ಕೆ ಸುಮಾರು ಹತ್ತನೇ ಒಂದು ಭಾಗದಷ್ಟು ಹೊಸ ಪ್ಲೇಟ್‌ಲೆಟ್‌ಗಳನ್ನು ಬಿಡುಗಡೆ ಮಾಡುತ್ತದೆ. ದಿನದ 75 ಮಿಲಿಗ್ರಾಂ ಇರುವುದು ಈ ಹೊಸಬರಿಗಾಗಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಕಾಗಿಲ್ಲ ಎನ್ನುವುದೂ ಇದರಿಂದಲೇ ತಿಳಿಯುತ್ತದೆ. ನಾಲ್ಕೈದು ದಿನ ಬಿಟ್ಟರೆ ಮಾತ್ರ ಹೆಪ್ಪು ಕಟ್ಟುವ ಶಕ್ತಿ ಬಹುಮಟ್ಟಿಗೆ ಮರಳಿ ಬಂದಿರುತ್ತದೆ.

1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ ಹೃದಯಾಘಾತವಾಗಿದೆ ಎಂದು ಶಂಕಿಸಲಾದ 17,187 ಜನರು ಭಾಗವಹಿಸಿದ್ದರು. ಒಂದು ತಿಂಗಳು ಆಸ್ಪಿರಿನ್ ಪಡೆದವರಲ್ಲಿ ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳದ ಕಾರಣದಿಂದಾದ ಸಾವು, ಪಡೆಯದವರಿಗಿಂತ ಸುಮಾರು ಕಾಲು ಭಾಗ ಕಡಿಮೆಯಿತ್ತು.

ಚೀಟಿಯಲ್ಲಿರುವ ಇನ್ನೊಂದು ಮಾತ್ರೆ ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಆಗಿರಬಹುದು. ಪ್ಲೇಟ್‌ಲೆಟ್‌ಗಳು ಪರಸ್ಪರ ಕರೆಯಲು ಬಳಸುವ ಬೇರೊಂದು ಸಂಕೇತವನ್ನು ಅದು ತಡೆಯುತ್ತದೆ. ಹೊಸ ಸ್ಟೆಂಟ್‌ನ ಲೋಹದ ಮೇಲೆ ಹೆಪ್ಪು ಕಟ್ಟುವ ಅಪಾಯ ಇರುವವರೆಗೆ, ಸಾಮಾನ್ಯವಾಗಿ ಒಂದು ವರ್ಷ, ಎರಡೂ ಬೇಕು. ಹಲ್ಲು ಕೀಳಿಸಬೇಕೆಂದೋ ಬೇರೆ ಚಿಕಿತ್ಸೆಗೆಂದೋ ಇವನ್ನು ನೀವೇ ನಿಲ್ಲಿಸಬೇಡಿ, ಹೃದಯದ ವೈದ್ಯರನ್ನು ಕೇಳಿ.

ತೊಂದರೆ ಬರುವುದು ಮುಖ್ಯವಾಗಿ ಹೊಟ್ಟೆಯಲ್ಲಿ. ಅದೇ ಬಗೆಯ ಕಿಣ್ವ ಜಠರದ ಒಳಪದರವನ್ನು ಕಾಪಾಡುವ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಆಸ್ಪಿರಿನ್‌ನಿಂದ ಹುಣ್ಣಾಗಿ ರಕ್ತ ಒಸರಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಮೈಕೈ ನೋವಿಗೆ ಐಬುಪ್ರೊಫೆನ್ ಬೇಡ. ಅದು ಆಸ್ಪಿರಿನ್ ಅಂಟಬೇಕಾದ ಜಾಗದಲ್ಲೇ ಮೊದಲು ಕೂತು ಅದನ್ನು ತಡೆಯಬಲ್ಲದು, ಹೊಟ್ಟೆಯ ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತದೆ. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಮೇಲು.

## ಸ್ಟ್ಯಾಟಿನ್: ಉಳಿದ ಪ್ಲಾಕ್ ಬಿರಿಯದಿರಲಿ ಎಂದು

ಆಸ್ಪಿರಿನ್ ಕೆಲಸ ಮಾಡುವುದು ಪ್ಲಾಕ್ ಬಿರಿದ ಮೇಲೆ. ಬಿರಿಯುವ ಸಂಭವವನ್ನೇ ತಗ್ಗಿಸುವುದು ಸ್ಟ್ಯಾಟಿನ್.

ಈ ಮಾತ್ರೆ ರಕ್ತದಲ್ಲಿರುವ ಕೊಬ್ಬನ್ನು ಕರಗಿಸುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ನಮ್ಮ ಯಕೃತ್ತು ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತದೆ. ಆ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಸ್ಟ್ಯಾಟಿನ್ ತಡೆಯುತ್ತದೆ. ಯಕೃತ್ತಿನ ಕೋಶಕ್ಕೆ ಒಳಗೆ ಕೊಲೆಸ್ಟ್ರಾಲ್ ಸಾಲದಾಗುತ್ತದೆ. ಆಗ ಕೋಶ ತನ್ನ ಮೈಮೇಲೆ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಲ್‌ಡಿಎಲ್ ಅನ್ನು ಒಳಗೆ ಸೆಳೆಯುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಇಳಿಯುವುದು ಹೀಗೆ. ಈ ಗ್ರಾಹಕಗಳನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ರಕ್ತದಲ್ಲಿ ಎಲ್‌ಡಿಎಲ್ ಕಡಿಮೆಯಾದರೆ ನಾಳದ ಗೋಡೆಯೊಳಗೆ ನುಸುಳುವ ಕೊಬ್ಬೂ ಕಡಿಮೆಯಾಗುತ್ತದೆ. ತಿಂಗಳುಗಳು ಕಳೆದಂತೆ ಪ್ಲಾಕ್‌ನೊಳಗಿನ ಉರಿಯೂತ ತಗ್ಗುತ್ತದೆ, ಕೊಬ್ಬಿನ ತಿರುಳು ಕುಗ್ಗುತ್ತದೆ, ಮೇಲಿನ ಹೊದಿಕೆ ದಪ್ಪವಾಗುತ್ತದೆ. ಪ್ಲಾಕ್ ಪೂರ್ತಿ ಮಾಯವಾಗುವುದಿಲ್ಲ, ಆದರೆ ಸುಲಭವಾಗಿ ಬಿರಿಯುವುದೂ ಇಲ್ಲ.

"ನನ್ನ ಕೊಲೆಸ್ಟ್ರಾಲ್ ನಾರ್ಮಲ್" ಎಂಬ ಮಾತಿಗೆ ಉತ್ತರ ಇಲ್ಲಿದೆ. ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗಿರುವ ಮಿತಿ ಹೃದಯಾಘಾತವಾಗದ ಸಾಮಾನ್ಯ ಜನರಿಗಾಗಿ. ನಮ್ಮ ರೋಗಿಯ 124ರ ಮಟ್ಟದಲ್ಲೇ ಅವರ ಪ್ಲಾಕ್ ಬೆಳೆದು ಬಿರಿದಿದೆ. ಅಂದರೆ ಆ ಮಟ್ಟ ಅವರಿಗೆ ಹೆಚ್ಚು ಎಂದೇ ಅರ್ಥ. ಯುರೋಪಿನ ಮಾರ್ಗಸೂಚಿಯ ಪ್ರಕಾರ ಹೃದಯಾಘಾತವಾದವರಲ್ಲಿ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ಅಟೊರ್ವಾಸ್ಟ್ಯಾಟಿನ್ 80 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅಂದರೆ ಆರು ವಾರದ ನಂತರದ ಪರೀಕ್ಷೆಯಲ್ಲಿ 124 ಇದ್ದದ್ದು 62ರ ಆಸುಪಾಸಿಗೆ ಬರಬಹುದು. ಗುರಿಗೆ ಇನ್ನೂ ಸ್ವಲ್ಪ ದೂರ. ಸ್ಟ್ಯಾಟಿನ್ ಪ್ರಮಾಣವನ್ನು ಎರಡು ಪಟ್ಟು ಮಾಡಿದರೂ ಸಿಗುವ ಹೆಚ್ಚುವರಿ ಇಳಿಕೆ ಶೇಕಡಾ 6ರಷ್ಟು ಮಾತ್ರ. 80ರ ಮೇಲೆ ಏರಿಸುವುದೂ ಇಲ್ಲ. ಹಾಗಾಗಿ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಎಜೆಟಿಮೈಬ್ ಅನ್ನು ಸೇರಿಸುತ್ತಾರೆ. ಅದು ಇನ್ನೂ ಐದನೇ ಒಂದು ಭಾಗ ಇಳಿಸಿದರೆ ಎಲ್‌ಡಿಎಲ್ 50ರ ಹತ್ತಿರ ಬರುತ್ತದೆ.

ಸ್ಕ್ಯಾಂಡಿನೇವಿಯಾದಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಐದು ವರ್ಷಗಳಲ್ಲಿ, ಹುಸಿ ಮಾತ್ರೆ ಪಡೆದವರಲ್ಲಿ ನೂರಕ್ಕೆ ಹೆಚ್ಚುಕಡಿಮೆ 12 ಮಂದಿ ತೀರಿಕೊಂಡರು, ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ 8 ಮಂದಿ. ಸ್ಟ್ಯಾಟಿನ್ ನಿಂತರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಏರುತ್ತದೆ.

ಸ್ನಾಯುನೋವಿನ ಬಗ್ಗೆ ಜನರಲ್ಲಿ ಭಯವಿದೆ. ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ 2020ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ, ಅಡ್ಡಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿ ಮಾತ್ರೆ ಕೊಟ್ಟು, ಕೆಲವು ತಿಂಗಳು ಏನನ್ನೂ ಕೊಡದೆ ನೋಡಿದರು. ಸ್ಟ್ಯಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇಕಡಾ 90ರಷ್ಟು ಹುಸಿ ಮಾತ್ರೆಯ ತಿಂಗಳುಗಳಲ್ಲೂ ಕಂಡಿತು. ನೋವಿದ್ದರೆ ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ಮೈಯೆಲ್ಲ ತೀವ್ರ ನೋವು, ನಿತ್ರಾಣ, ಅದರೊಂದಿಗೆ ಕಡುಕಂದು ಬಣ್ಣದ ಮೂತ್ರ ಕಂಡರೆ ಮಾತ್ರ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಬಹಳ ಅಪರೂಪ. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳು ಜೊತೆಗೂಡಿದಾಗ ಅದರ ಸಂಭವ ಹೆಚ್ಚು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವುದನ್ನು ತಿಳಿಸಿ.

## ಬೀಟಾ ಬ್ಲಾಕರ್: ಹೃದಯಕ್ಕೆ ಬಿಡುವು

ಪೆಟ್ಟು ತಿಂದ ಹೃದಯವನ್ನು ದೇಹ ಅಡ್ರಿನಲಿನ್‌ನಿಂದ ಓಡಿಸಲು ನೋಡುತ್ತದೆ. ಬಡಿತ ಹೆಚ್ಚುತ್ತದೆ, ಪ್ರತಿ ಬಡಿತವೂ ಬಿರುಸಾಗುತ್ತದೆ, ಆಮ್ಲಜನಕದ ಬೇಡಿಕೆ ಏರುತ್ತದೆ. ಹೃದಯದ ಕೋಶಗಳ ಮೇಲೆ ಅಡ್ರಿನಲಿನ್ ಕೂರುವ ಜಾಗಗಳಿಗೆ ಬೀಟಾ ಗ್ರಾಹಕಗಳೆಂದು ಹೆಸರು. ಮೆಟೊಪ್ರೊಲಾಲ್, ಬೈಸೊಪ್ರೊಲಾಲ್, ಕಾರ್ವೆಡಿಲಾಲ್ ಮುಂತಾದವು ಆ ಜಾಗವನ್ನು ಆಕ್ರಮಿಸಿ ಅಡ್ರಿನಲಿನ್‌ನ ಒತ್ತಾಯವನ್ನು ತಗ್ಗಿಸುತ್ತವೆ.

ಬಡಿತ ತಗ್ಗುವುದರಿಂದ ಆಗುವ ಲಾಭವನ್ನು ಲೆಕ್ಕ ಹಾಕಿಯೇ ನೋಡಬಹುದು. ಹೃದಯದ ಎಡ ಕೆಳಕೋಣೆಯ ಸ್ನಾಯುವಿಗೆ ರಕ್ತ ಹರಿಯುವುದು ಬಹುಪಾಲು ಅದು ಸಡಿಲಗೊಂಡಾಗ. ಸಂಕೋಚಿಸಿದಾಗ ಅದು ತನ್ನೊಳಗಿನ ನಾಳಗಳನ್ನೇ ಹಿಂಡಿಬಿಡುತ್ತದೆ. ಒಂದು ಸಂಕೋಚನಕ್ಕೆ ಸುಮಾರು 0.3 ಸೆಕೆಂಡ್ ಹಿಡಿಯುತ್ತದೆ; ಬಡಿತ ನಿಧಾನವಾದರೂ ಈ ಅವಧಿ ಹೆಚ್ಚು ಬದಲಾಗುವುದಿಲ್ಲ. ನಾಡಿ 90 ಇದ್ದಾಗ ಒಂದು ನಿಮಿಷದಲ್ಲಿ 27 ಸೆಕೆಂಡ್ ಸಂಕೋಚನಕ್ಕೆ ಹೋಗಿ, 33 ಸೆಕೆಂಡ್ ಸಡಿಲಿಕೆಗೆ ಉಳಿಯುತ್ತದೆ. ನಾಡಿ 60ಕ್ಕೆ ಇಳಿದರೆ ಸಂಕೋಚನಕ್ಕೆ 18 ಸೆಕೆಂಡ್, ಸಡಿಲಿಕೆಗೆ 42. ಕೆಲಸ ಕಡಿಮೆಯಾಗುತ್ತದೆ, ರಕ್ತ ಪಡೆಯುವ ಸಮಯ ಹೆಚ್ಚುತ್ತದೆ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಸತ್ತ ಸ್ನಾಯು ಮತ್ತು ಬದುಕಿರುವ ಸ್ನಾಯು ಕೂಡುವ ಅಂಚಿನಲ್ಲಿ ವಿದ್ಯುತ್ ಸಂಕೇತಗಳು ದಾರಿ ತಪ್ಪಿ ಸುತ್ತಬಹುದು. ಅಡ್ರಿನಲಿನ್ ಅದನ್ನು ಕೆರಳಿಸುತ್ತದೆ. ಹೀಗೆ ಲಯ ತಪ್ಪಿ ಹೃದಯ ಹಠಾತ್ತಾಗಿ ನಿಲ್ಲುವ ಅಪಾಯವನ್ನು ಬೀಟಾ ಬ್ಲಾಕರ್ ಕಡಿಮೆ ಮಾಡುತ್ತದೆ.

ಮೊದಲ ವಾರಗಳಲ್ಲಿ ಆಯಾಸ, ಕೈಕಾಲು ತಣ್ಣಗಾಗುವುದು ಸಾಮಾನ್ಯ. ನಾಡಿ 50ಕ್ಕಿಂತ ಕೆಳಗಿಳಿದು ತಲೆ ಸುತ್ತಿದರೆ ವೈದ್ಯರಿಗೆ ತಿಳಿಸಬೇಕು. ಅಸ್ತಮಾ ಇದ್ದರೆ ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಒಂದನ್ನು ನೆನಪಿಡಿ: ರಕ್ತದಲ್ಲಿ ಸಕ್ಕರೆ ತೀರ ಇಳಿದಾಗ ಆಗುವ ನಡುಕ, ಎದೆಬಡಿತ ಈ ಮಾತ್ರೆಯಿಂದ ಮರೆಯಾಗಬಹುದು. ಬೆವರುವುದು ಮಾತ್ರ ಹಾಗೆಯೇ ಇರುತ್ತದೆ, ಅದನ್ನೇ ಸೂಚನೆಯಾಗಿ ತಿಳಿಯಿರಿ.

## ಎಸಿಇ ಇನ್ಹಿಬಿಟರ್: ಹೃದಯದ ಆಕಾರ ಕೆಡದಂತೆ

ರಾಮಿಪ್ರಿಲ್, ಎನಾಲಾಪ್ರಿಲ್, ಲಿಸಿನೊಪ್ರಿಲ್ ಹೀಗೆ 'ಪ್ರಿಲ್' ಎಂದು ಕೊನೆಗೊಳ್ಳುವ ಮಾತ್ರೆಗಳಿವು. ರೋಗಿಗಳಿಗೆ ಅತಿ ಕಡಿಮೆ ಅರ್ಥವಾಗುವುದೂ, 126/78 ಇರುವವರು ಮೊದಲು ಬಿಡುವುದೂ ಇವನ್ನೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸತ್ತ ಸ್ನಾಯುವಿನ ಜಾಗದಲ್ಲಿ ಗಟ್ಟಿ ಕಲೆ ಮೂಡಲು ಆರು ವಾರಗಳಾದರೂ ಬೇಕು. ಅಲ್ಲಿಯವರೆಗೆ ಆ ಜಾಗ ಮೆತ್ತಗಿರುತ್ತದೆ, ಆದರೆ ಹೃದಯ ಒಂದು ಕ್ಷಣವೂ ನಿಲ್ಲುವಂತಿಲ್ಲ. ಇನ್ನೂ ಒಣಗದ ಹಸಿ ಗೋಡೆಯ ಮೇಲೆ ಭಾರ ಹೇರಿದರೆ ಅದು ಹೇಗೆ ಉಬ್ಬುತ್ತದೋ, ಹೃದಯದ ಆ ಭಾಗವೂ ಒಳಗಿನ ಒತ್ತಡಕ್ಕೆ ತೆಳುವಾಗಿ ಹೊರಕ್ಕೆ ಉಬ್ಬುತ್ತದೆ. ಕೋಣೆ ಹಿಗ್ಗಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದಷ್ಟೂ ಅದು ಇನ್ನಷ್ಟು ಹಿಗ್ಗುತ್ತದೆ. ತಿಂಗಳು ವರ್ಷಗಳಲ್ಲಿ ಹೃದಯ ದೊಡ್ಡದಾಗಿ, ದುರ್ಬಲವಾಗಿ, ಕೊನೆಗೆ ಹೃದಯ ವೈಫಲ್ಯಕ್ಕೆ ತಲುಪುತ್ತದೆ.

ಇದಕ್ಕೆ ಇಂಬು ಕೊಡುವುದು ದೇಹದ ತಪ್ಪು ಗ್ರಹಿಕೆ. ಹೃದಯ ಕಡಿಮೆ ರಕ್ತ ತಳ್ಳಿದಾಗ ಮೂತ್ರಪಿಂಡಗಳು ಎಲ್ಲೋ ರಕ್ತ ಸೋರಿಹೋಗುತ್ತಿದೆ ಎಂಬಂತೆ ವರ್ತಿಸುತ್ತವೆ. ಅವು ರೆನಿನ್ ಎಂಬ ವಸ್ತುವನ್ನು ಬಿಡುತ್ತವೆ. ಅದರಿಂದ ಆಂಜಿಯೊಟೆನ್ಸಿನ್ ಉಂಟಾಗುತ್ತದೆ. ಎಸಿಇ ಎಂಬ ಕಿಣ್ವ ಅದನ್ನು ಬಲಶಾಲಿ ರೂಪಕ್ಕೆ ಬದಲಿಸುತ್ತದೆ. ಆ ಬಲಶಾಲಿ ರೂಪ ರಕ್ತನಾಳಗಳನ್ನು ಬಿಗಿಯುತ್ತದೆ, ಉಪ್ಪು ನೀರನ್ನು ದೇಹದಲ್ಲಿ ಹಿಡಿದಿಡುತ್ತದೆ, ಹೃದಯದ ಆರೋಗ್ಯವಂತ ಭಾಗದಲ್ಲೂ ಬೇಡದ ನಾರು ಬೆಳೆಯುವಂತೆ ಮಾಡುತ್ತದೆ. ನಿಜವಾಗಿ ರಕ್ತ ಸೋರುತ್ತಿದ್ದರೆ ಬಿಗಿತ ಮತ್ತು ನೀರಿನ ಉಳಿತಾಯ ಜೀವ ಉಳಿಸುತ್ತಿದ್ದವು. ಗಾಯಗೊಂಡ ಹೃದಯಕ್ಕೆ ಅವು ಹೊರೆ. ಎಸಿಇ ಇನ್ಹಿಬಿಟರ್ ಆ ಕಿಣ್ವವನ್ನು ತಡೆದು ಸರಣಿಯನ್ನು ನಡುವೆಯೇ ಕಡಿಯುತ್ತದೆ.

1992ರಲ್ಲಿ ಪ್ರಕಟವಾದ ಸೇವ್ ಅಧ್ಯಯನದಲ್ಲಿ, ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದು ಹೃದಯ ವೈಫಲ್ಯದ ಲಕ್ಷಣಗಳಿಲ್ಲದ 2,231 ರೋಗಿಗಳಿದ್ದರು. ಈ ಗುಂಪಿನ ಮೊದಲ ಔಷಧವಾದ ಕ್ಯಾಪ್ಟೊಪ್ರಿಲ್ ಪಡೆದವರಲ್ಲಿ ಸಾವು ಶೇಕಡಾ 19ರಷ್ಟು ಕಡಿಮೆಯಾಯಿತು. ನಮ್ಮ ರೋಗಿಯಂಥವರೇ ಅವರು. ಅಂದಹಾಗೆ, ಈ ಔಷಧಕ್ಕೆ ದಾರಿ ತೋರಿದ್ದು ಬ್ರೆಜಿಲ್‌ನ ಜರರಾಕಾ ಹಾವಿನ ವಿಷ. ಬ್ರಾಡಿಕಿನಿನ್ ಎಂಬ ವಸ್ತು ದೇಹದಲ್ಲಿ ಒಡೆಯದಂತೆ ಆ ವಿಷ ತಡೆಯುತ್ತಿತ್ತು. ಬ್ರಾಡಿಕಿನಿನ್ ಅನ್ನು ಒಡೆಯುವುದೂ ಎಸಿಇ ಕಿಣ್ವವೇ.

ಈ ಮಾತ್ರೆಯ ಹೆಸರುವಾಸಿ ತೊಂದರೆಯಾದ ಒಣಕೆಮ್ಮಿನ ಮೂಲವೂ ಅದೇ ಎಂದು ತಿಳಿಯಲಾಗಿದೆ: ಒಡೆಯದೆ ಉಳಿದ ಬ್ರಾಡಿಕಿನಿನ್ ಶ್ವಾಸನಾಳವನ್ನು ಕೆರಳಿಸುತ್ತದೆ. ನಮ್ಮ ರೋಗಿಗೆ ಐದನೇ ವಾರದಲ್ಲಿ ಇಂಥ ಕೆಮ್ಮು ಶುರುವಾಯಿತು ಎಂದುಕೊಳ್ಳಿ. ಗಂಟಲಲ್ಲಿ ಕಚಗುಳಿ, ಕಫವಿಲ್ಲ, ಹಗಲು ರಾತ್ರಿ ಒಂದೇ ಸಮ. ಇದು ಅಪಾಯಕಾರಿಯಲ್ಲ, ಕೆಮ್ಮಿನ ಔಷಧಕ್ಕೆ ಬಗ್ಗುವುದೂ ಇಲ್ಲ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ಬದಲಿಗೆ ವಾಲ್ಸಾರ್ಟಾನ್‌ನಂಥ ಔಷಧ ಕೊಡುತ್ತಾರೆ. ಅದು ಕಿಣ್ವವನ್ನು ಮುಟ್ಟದೆ, ಆಂಜಿಯೊಟೆನ್ಸಿನ್ ಕೂರುವ ಜಾಗವನ್ನೇ ತಡೆಯುತ್ತದೆ. ಆದರೆ ಕೆಮ್ಮು ಮಲಗಿದಾಗ ಹೆಚ್ಚಾಗಿ, ಎದ್ದು ಕೂತರೆ ತಗ್ಗಿ, ಜೊತೆಗೆ ಕಾಲು ಬಾತು, ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದ್ದರೆ ಅದು ಮಾತ್ರೆಯ ಕೆಮ್ಮಲ್ಲ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ, ತಡಮಾಡಬಾರದು. ಇನ್ನು ತುಟಿ, ನಾಲಿಗೆ ಊದಿಕೊಂಡರೆ ಅದು ಅಪರೂಪದ ಆದರೆ ಜೀವಕ್ಕೆ ಅಪಾಯದ ಅಡ್ಡಪರಿಣಾಮ. ಮಾತ್ರೆ ನಿಲ್ಲಿಸಿ ನೇರ ತುರ್ತು ಚಿಕಿತ್ಸೆಗೆ ಹೋಗಬೇಕು.

ಶುರು ಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಆಗಲೇಬೇಕು. ಕ್ರಿಯಾಟಿನಿನ್ 1.0 ಇದ್ದದ್ದು 1.2ಕ್ಕೆ ಏರಿದರೆ ಗಾಬರಿ ಬೇಡ. ಶೇಕಡಾ 30ರವರೆಗಿನ ಏರಿಕೆಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಪೊಟ್ಯಾಸಿಯಂ 5.5 ದಾಟಿದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಸೋಡಿಯಂ ಕಡಿಮೆ ಇರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ, ಅದು ನಿಮಗೆ ಬೇಡ. ವಾಂತಿಭೇದಿಯಾಗಿ ಮೈಯಲ್ಲಿನ ನೀರು ಇಳಿದ ದಿನಗಳಲ್ಲಿ ಈ ಮಾತ್ರೆಯನ್ನು ಮುಂದುವರಿಸಬೇಕೇ ಎಂದು ಫೋನ್ ಮಾಡಿ ಕೇಳಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ.

2.5 ಮಿಲಿಗ್ರಾಂನಿಂದ ಶುರುವಾದ ರಾಮಿಪ್ರಿಲ್ ಅನ್ನು 5ಕ್ಕೆ, ಆಮೇಲೆ 10ಕ್ಕೆ ಏರಿಸುವುದು ಬಿ.ಪಿ. ಹೆಚ್ಚಾಯಿತೆಂದಲ್ಲ. ಅಧ್ಯಯನಗಳಲ್ಲಿ ಲಾಭ ಕಂಡದ್ದು ದೊಡ್ಡ ಪ್ರಮಾಣಗಳಲ್ಲಿ, ಮೊದಲೇ ಅಷ್ಟು ಕೊಟ್ಟರೆ ತಲೆ ಸುತ್ತಿ ಬೀಳಬಹುದು, ಅದಕ್ಕೆ ಈ ಮೆಟ್ಟಿಲು.

## ಎಷ್ಟು ಕಾಲ?

ಸ್ಟ್ಯಾಟಿನ್ ಬಹುತೇಕ ಎಲ್ಲರಿಗೂ ಬದುಕಿನುದ್ದಕ್ಕೂ ಬೇಕು. ಆಸ್ಪಿರಿನ್ ಅಥವಾ ಅದರ ಜಾಗದಲ್ಲಿ ಅಂಥದ್ದೇ ಇನ್ನೊಂದು ಮಾತ್ರೆಯೂ ಹಾಗೆಯೇ. ಇಎಫ್ 40ಕ್ಕಿಂತ ಕಡಿಮೆಯಿದ್ದವರಿಗೆ ಉಳಿದೆರಡೂ ಮುಂದುವರಿಯುತ್ತವೆ. ನಮ್ಮ ರೋಗಿಯ ಇಎಫ್ ಮೂರನೇ ತಿಂಗಳ ಎಕೋದಲ್ಲಿ 47ಕ್ಕೆ ಏರಿದ್ದರೂ ವೈದ್ಯರು ಅವನ್ನು ಥಟ್ಟನೆ ನಿಲ್ಲಿಸುವುದಿಲ್ಲ.

ಪ್ರಶ್ನೆ ತೆರೆದಿರುವುದು ಬೀಟಾ ಬ್ಲಾಕರ್ ವಿಷಯದಲ್ಲಿ, ಅದೂ ಹೃದಯದ ಬಲ ಮೊದಲಿನಿಂದಲೂ ಚೆನ್ನಾಗಿರುವವರಲ್ಲಿ. ಈ ಔಷಧಗಳ ಲಾಭವನ್ನು ತೋರಿಸಿದ ಹಳೆಯ ಅಧ್ಯಯನಗಳು 1980ರ ದಶಕದವು. ಆಗ ಹೃದಯಾಘಾತಕ್ಕೆ ಸ್ಟೆಂಟ್ ಹಾಕುವುದು ರೂಢಿಯಲ್ಲಿರಲಿಲ್ಲ. ಸ್ವೀಡನ್ ನೇತೃತ್ವದಲ್ಲಿ ಇಎಫ್ 50 ಅಥವಾ ಹೆಚ್ಚಿದ್ದ ಸುಮಾರು 5,000 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಟಾ ಬ್ಲಾಕರ್ ಪಡೆದವರಿಗೂ ಪಡೆಯದವರಿಗೂ ಸಾವು ಮತ್ತು ಮರು ಹೃದಯಾಘಾತದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಮೇಲಿನ ಅಧ್ಯಯನಗಳ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ಆದ್ದರಿಂದ ನಿಮ್ಮ ಇಎಫ್ ಎಷ್ಟು ಎಂದು ಎಕೋ ವರದಿಯಲ್ಲಿ ನೋಡಿಕೊಂಡು, ಅದು 50ರ ಮೇಲಿದ್ದರೆ ಈ ಮಾತ್ರೆ ಮುಂದೆಯೂ ಬೇಕೇ ಎಂದು ವೈದ್ಯರನ್ನು ಧಾರಾಳವಾಗಿ ಕೇಳಿ. ಬಿಡುವುದೆಂದು ತೀರ್ಮಾನವಾದರೂ ಒಂದೇ ದಿನ ಬಿಡುವಂತಿಲ್ಲ. ತಿಂಗಳುಗಟ್ಟಲೆ ತಡೆಯಲ್ಲಿದ್ದ ಹೃದಯ ತನ್ನ ಬೀಟಾ ಗ್ರಾಹಕಗಳನ್ನು ಹೆಚ್ಚಿಸಿಕೊಂಡಿರುತ್ತದೆ. ಮಾತ್ರೆ ಥಟ್ಟನೆ ನಿಂತರೆ ಅಡ್ರಿನಲಿನ್ ಅವೆಲ್ಲವನ್ನೂ ಒಮ್ಮೆಗೇ ಬಡಿದೆಬ್ಬಿಸುತ್ತದೆ. ಹಾಗಾಗಿ ಒಂದೆರಡು ವಾರಗಳಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಆ ದಿನಗಳಲ್ಲಿ ಎದೆನೋವು ಅಥವಾ ಜೋರಾದ ಎದೆಬಡಿತ ಕಂಡರೆ ಇಳಿಸುವುದನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.